‘ಎಮ್ಮೆ ಮಾರಲಿಲ್ಲ’ – ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

ವಿದ್ಯಾರ್ಥಿವೇತನ ಪಡೆದ ರೈತರ ಮಗಳು ದಾನಿಗೆ ಕನ್ನಡದಲ್ಲಿ ಬರೆದ ಕೃತಜ್ಞತಾ ಪತ್ರವನ್ನು ಇಂಗ್ಲಿಷಿಗೆ ತರುವ ಕ್ರಮ

ವಿದ್ಯಾರ್ಥಿವೇತನ ಕೊಡುವ ಟ್ರಸ್ಟುಗಳಲ್ಲಿ ವರ್ಷಕ್ಕೊಮ್ಮೆ ಒಂದು ಕೆಲಸ ಬರುತ್ತದೆ. ಹಣ ಪಡೆದ ಮಕ್ಕಳು ಕನ್ನಡದಲ್ಲಿ ಬರೆದ ಪತ್ರಗಳನ್ನು ಕನ್ನಡ ಓದಲು ಬಾರದ ದಾನಿಗಳಿಗಾಗಿ ಇಂಗ್ಲಿಷಿಗೆ ತರಬೇಕು. ಸಾಮಾನ್ಯವಾಗಿ ಊರಿನ ಶಿಕ್ಷಕರೋ, ಬ್ಯಾಂಕಿನಿಂದ ನಿವೃತ್ತರಾದವರೋ, ಹುಡುಗಿಯ ಕಾಲೇಜಿನ ಉಪನ್ಯಾಸಕರೋ ಇದನ್ನು ಮಾಡಿಕೊಡುತ್ತಾರೆ. ನಾನೂ ಕೆಲವು ವರ್ಷ ಮಾಡಿದ್ದೇನೆ. ಈ ಕೆಲಸದಲ್ಲಿ ಜಾರುವ ದಾರಿಗಳು ಎರಡು. ಒಂದು, ಹುಡುಗಿಯ ಬಡತನಕ್ಕೆ ಇನ್ನಷ್ಟು ಬಣ್ಣ ಬಳಿಯುವುದು. ಇನ್ನೊಂದು, ಅವಳು ಹೇಳಿದ್ದನ್ನೆಲ್ಲ ತೊಳೆದು ಇಸ್ತ್ರಿ ಮಾಡಿ ಅರ್ಜಿಯ ಭಾಷೆಗೆ ಇಳಿಸುವುದು. ಎರಡರಲ್ಲೂ ಪತ್ರ ಬರೆದವಳು ಕಾಣದೆ ಹೋಗುತ್ತಾಳೆ.

ಹಾವೇರಿ ಜಿಲ್ಲೆಯ ಒಬ್ಬ ಹುಡುಗಿಯ ಪತ್ರವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಗುರುತು ಸಿಗುವ ವಿವರಗಳನ್ನು ತೆಗೆದಿದ್ದೇನೆ. ದಾನಿ ಅಮೆರಿಕದಲ್ಲಿ ಹುಟ್ಟಿ ಬೆಳೆದ ಕನ್ನಡ ಮನೆತನದ ಮಹಿಳೆ. ಮನೆಯಲ್ಲಿ ಆಡುವ ಕನ್ನಡ ಅವರಿಗೆ ಅರ್ಥವಾಗುತ್ತದೆ, ಓದಲು ಮಾತ್ರ ಬರುವುದಿಲ್ಲ. ಪತ್ರ ಹೀಗಿತ್ತು:

“ಪೂಜ್ಯ ದಾನಿಗಳಿಗೆ, ಶಿ.ಸಾ. ನಮಸ್ಕಾರಗಳು. ನಾನು ಕ್ಷೇಮ, ತಮ್ಮ ಕ್ಷೇಮಕ್ಕೆ ದೇವರಲ್ಲಿ ಬೇಡುತ್ತೇನೆ. ನಾನು ಬಿ.ಎಸ್ಸಿ. ನರ್ಸಿಂಗ್ ಮೊದಲನೇ ವರ್ಷ ಮುಗಿಸಿದ್ದೇನೆ. ನಮ್ಮ ಅಪ್ಪ ರೈತರು. ನಮಗೆ ಎರಡು ಎಕರೆ ಹತ್ತು ಗುಂಟೆ ಖುಷ್ಕಿ ಹೊಲ ಇದೆ. ಮತ್ತೆ ಮೂರು ಎಕರೆ ಲಾವಣಿ ಮಾಡುತ್ತಾರೆ. ಗೋವಿನಜೋಳ ಹಾಕುತ್ತಾರೆ, ಹಿಂಗಾರಿಗೆ ಜೋಳ. ಹೋದ ವರ್ಷ ಮಳೆ ಕೈಕೊಟ್ಟಿತು. ಅಪ್ಪ ನನ್ನ ಫೀಸಿಗೆ ಮೂರರ ಬಡ್ಡಿಯಂತೆ ನಲವತ್ತು ಸಾವಿರ ಸಾಲ ತಂದಿದ್ದರು. ಈ ಸಲ ತಾವು ಕೈಹಿಡಿದಿರಿ. ಸರ್ಕಾರದ ವಿದ್ಯಾನಿಧಿ ಪುಸ್ತಕಕ್ಕೆ ಆಯಿತು. ತಮ್ಮ ವಿದ್ಯಾರ್ಥಿವೇತನ ಬಂದ ದಿನ ಅವ್ವ ದೇವರಿಗೆ ದೀಪ ಹಚ್ಚಿದರು. ಅಪ್ಪ ಏನೂ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ‘ಓದು ನನ್ನ ತಾಯಿ’ ಅಂದರು. ಈ ವರ್ಷ ಎಮ್ಮೆ ಮಾರಲಿಲ್ಲ. ಎರಡನೇ ವರ್ಷ ಚೆನ್ನಾಗಿ ಓದುತ್ತೇನೆ. ತಮ್ಮ ಋಣ ಈ ಜನ್ಮದಲ್ಲಿ ತೀರಿಸಲಾರೆ. ಇಂತಿ ತಮ್ಮ ವಿಧೇಯಳು.”

ಮುಂದೆ ಬರುವ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಗಟ್ಟಿಯಾಗಿ ಓದಿ ನೋಡಿ; ಕಿವಿಗೆ ಒಗ್ಗದ ವಾಕ್ಯ ಕಾಗದದ ಮೇಲೂ ಒಗ್ಗುವುದಿಲ್ಲ.

ಹಂತ 1: ಪೆನ್ನು ಹಿಡಿಯುವ ಮೊದಲು ಫೋನು ಮಾಡಿ

ಪತ್ರವನ್ನು ಎರಡು ಸಲ ಓದಿ, ಎರಡನೆಯ ಸಲ ಅನುಮಾನ ಬಂದ ಕಡೆ ಗೆರೆ ಎಳೆಯಿರಿ. ಈ ಪತ್ರದಲ್ಲಿ ನಾನು ಎರಡು ಕಡೆ ಎಳೆದಿದ್ದೆ.

ಮೊದಲನೆಯದು ‘ಮೊದಲನೇ ವರ್ಷ ಮುಗಿಸಿದ್ದೇನೆ’ ಎಂಬಲ್ಲಿ. ಪಾಸಾದಳೋ, ಪರೀಕ್ಷೆ ಬರೆದಿದ್ದಾಳೋ? ಮುಂದಿನ ವರ್ಷದ ಹಣ ಫಲಿತಾಂಶವನ್ನು ನೋಡಿ ಮಂಜೂರಾಗುವುದರಿಂದ ಈ ವ್ಯತ್ಯಾಸ ದೊಡ್ಡದು. ಕೇಳಿದಾಗ, ಪರೀಕ್ಷೆ ಬರೆದಾಗಿದೆ, ಫಲಿತಾಂಶ ಬಂದಿಲ್ಲ ಎಂದಳು. ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಫಸ್ಟ್ ಇಯರ್’ ಎಂದು ಬರೆದಿದ್ದರೆ ದಾನಿ ಪಾಸಾಗಿದ್ದಾಳೆ ಎಂದೇ ತಿಳಿಯುತ್ತಿದ್ದರು. ಒಂದು ವಿಷಯದಲ್ಲಿ ಫೇಲಾದರೆ ನಾಳೆ ಹುಡುಗಿಯೇ ಸುಳ್ಳು ಹೇಳಿದಂತಾಗುತ್ತಿತ್ತು.

ಎರಡನೆಯದು ‘ಎಮ್ಮೆ ಮಾರಲಿಲ್ಲ’ ಎಂಬಲ್ಲಿ. ಅದಕ್ಕೆ ಮುಂದೆ ಬರುತ್ತೇನೆ.

ಫೋನಿನಲ್ಲಿ ತಿಳಿದ ಹೊಸ ಸಂಗತಿಯನ್ನು ನೇರವಾಗಿ ಇಂಗ್ಲಿಷಿಗೆ ಸೇರಿಸಬೇಡಿ. ಮೊದಲು ಅವಳೇ ಅದನ್ನು ಕನ್ನಡ ಪತ್ರದಲ್ಲಿ ಸೇರಿಸಲಿ, ನಂತರ ನೀವು ಅನುವಾದಿಸಿ. ಈ ನಿಯಮ ಪಾಲಿಸಿದರೆ ಎರಡು ಪತ್ರಗಳೂ ಎಂದಿಗೂ ಬೇರೆಬೇರೆ ಮಾತಾಡುವುದಿಲ್ಲ.

ಹಂತ 2: ಮೊದಲ ಸಾಲು, ಕೊನೆಯ ಸಾಲು

ಕನ್ನಡ ಪತ್ರದ ಆರಂಭ ಮತ್ತು ಮುಕ್ತಾಯ ಶಾಲೆಯಲ್ಲಿ ಕಲಿತ ಸಿದ್ಧಮಾದರಿಗಳು. ಅವಕ್ಕೆ ಸಮನಾದ ಇಂಗ್ಲಿಷ್ ಸಿದ್ಧಮಾದರಿ ಹಾಕಿದರೆ ಸಾಕು, ಪದಪದದ ಅರ್ಥ ಬೇಕಿಲ್ಲ. ‘ಪೂಜ್ಯ’ ಎಂಬುದನ್ನು ‘ವರ್ಶಿಪ್‌ಫುಲ್’ ಎಂದರೆ ಓದುವವರು ಮುಜುಗರಪಡುತ್ತಾರೆ. ‘ಶಿ.ಸಾ.’ ಎಂದರೆ ಶಿರಸಾಷ್ಟಾಂಗ. ತಲೆಬಾಗಿ ಉದ್ದಂಡ ಬೀಳುತ್ತೇನೆ ಎಂದು ಇಂಗ್ಲಿಷಿನಲ್ಲಿ ಬರೆದರೆ ಹುಡುಗಿಗೆ ಇಲ್ಲದ ದೈನ್ಯ ಅಂಟಿಕೊಳ್ಳುತ್ತದೆ. ಕನ್ನಡದಲ್ಲಿ ಅದು ದೈನ್ಯವಲ್ಲ, ಹಿರಿಯರಿಗೆ ಬರೆಯುವ ರೂಢಿ.

ದಾನಿಯ ಹೆಸರು ಗೊತ್ತಿದ್ದರೆ ‘ಡಿಯರ್’ ಎಂದು ಹೆಸರು ಹಾಕಿ ಆರಂಭಿಸಿ. ಹೆಣ್ಣುಮಕ್ಕಳು, ಅವರ ಮನೆಯವರು ಈ ಪದಕ್ಕೆ ಹಿಂಜರಿಯುತ್ತಾರೆ, ‘ಪ್ರಿಯ’ ಎಂದ ಹಾಗಾಗುವುದಿಲ್ಲವೇ ಎಂದು. ಇಂಗ್ಲಿಷ್ ಪತ್ರದಲ್ಲಿ ‘ಡಿಯರ್’ಗೆ ನಮ್ಮ ‘ಮಾನ್ಯರೇ’ಗಿಂತ ಹೆಚ್ಚಿನ ಸಲಿಗೆ ಇಲ್ಲ ಎಂದು ತಿಳಿಸಿ ಹೇಳಿ. ಒಪ್ಪದಿದ್ದರೆ ‘ರೆಸ್ಪೆಕ್ಟೆಡ್ ಮ್ಯಾಡಮ್’ ಇರಲಿ. ಭಾರತದ ಇಂಗ್ಲಿಷಿನಲ್ಲಿ ಅದು ನಡೆಯುತ್ತದೆ. ಕ್ಷೇಮದ ಸಾಲಿಗೆ ‘ಐ ಆ್ಯಮ್ ವೆಲ್, ಆ್ಯಂಡ್ ಐ ಪ್ರೇ ದಟ್ ಯು ಆರ್ ವೆಲ್’ ಎಂದರೆ ಅವಳ ಪ್ರಾರ್ಥನೆಯೂ ಉಳಿಯಿತು. ‘ಇಂತಿ ತಮ್ಮ ವಿಧೇಯಳು’ ಎಂಬುದಕ್ಕೆ ‘ಯುವರ್ಸ್ ಸಿನ್ಸಿಯರ್ಲಿ’ ಸಾಕು.

‘ತಾವು’ ಎಂಬ ಗೌರವಕ್ಕೆ ಇಂಗ್ಲಿಷಿನಲ್ಲಿ ಪದವಿಲ್ಲ. ಅದನ್ನು ತುಂಬಲು ಸಾಲು ಸಾಲಿಗೆ ‘ಕೈಂಡ್’, ‘ನೋಬಲ್’ ಎಂಬ ವಿಶೇಷಣ ಹಾಕಬೇಡಿ. ವಾಕ್ಯ ಪೂರ್ತಿಯಾಗಿದ್ದು ಮೊಟಕು ರೂಪಗಳು ಇಲ್ಲದಿದ್ದರೆ, ಅಂದರೆ ‘ಐ ಆ್ಯಮ್’ ಎಂಬಲ್ಲಿ ‘ಐಮ್’ ಎಂದು ಬರೆಯದಿದ್ದರೆ, ಗೌರವದ ದನಿ ತಾನಾಗಿ ಬರುತ್ತದೆ.

ಹಂತ 3: ಹೊಲದ ಮಾತು ಸರಿಯಾಗಿ ತಿಳಿಯಿರಿ

ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿ. ಅನುವಾದಿಸುವವರು ಪೇಟೆಯವರಾದರೆ ಅಥವಾ ಬೇರೆ ಸೀಮೆಯವರಾದರೆ ಹೊಲದ ಪದಗಳು ಕೈತಪ್ಪುತ್ತವೆ.

‘ಜೋಳ’ ಮತ್ತು ‘ಗೋವಿನಜೋಳ’ ಬೇರೆ ಬೆಳೆಗಳು. ಬೆಂಗಳೂರಿನ ಕಡೆ ಜೋಳ ಎಂದರೆ ರಸ್ತೆಬದಿ ಸುಟ್ಟು ಕೊಡುವ ಮೆಕ್ಕೆಜೋಳದ ತೆನೆ ಕಣ್ಣಿಗೆ ಬರುತ್ತದೆ. ಹಾವೇರಿ ಕಡೆ ಜೋಳ ಎಂದರೆ ರೊಟ್ಟಿಯ ಜೋಳ, ಇಂಗ್ಲಿಷಿನಲ್ಲಿ ‘ಸಾರ್ಗಮ್’. ಮೆಕ್ಕೆಜೋಳಕ್ಕೆ ಅಲ್ಲಿ ಗೋವಿನಜೋಳ ಎನ್ನುತ್ತಾರೆ. ಅಮೆರಿಕದ ಓದುಗರಿಗೆ ಅದು ‘ಕಾರ್ನ್’. ಎರಡನ್ನೂ ‘ಕಾರ್ನ್’ ಎಂದರೆ, ಮಾರಾಟಕ್ಕೆ ಒಂದು ಬೆಳೆ, ಮನೆಯ ಊಟಕ್ಕೆ ಇನ್ನೊಂದು ಎಂಬ ಆ ಮನೆಯ ಲೆಕ್ಕಾಚಾರವೇ ಅಳಿಸಿಹೋಗುತ್ತದೆ. ‘ಹಿಂಗಾರಿಗೆ’ ಎಂಬುದನ್ನು ‘ಇನ್ ದ ವಿಂಟರ್ ಸೀಸನ್’ ಎಂದರೆ ಓದುಗರಿಗೆ ತಲುಪುತ್ತದೆ.

‘ಖುಷ್ಕಿ’ ಎಂದರೆ ನಿಘಂಟಿನ ಪ್ರಕಾರ ಒಣಭೂಮಿ. ‘ಡ್ರೈ ಲ್ಯಾಂಡ್’ ಎಂದು ಬರೆದರೆ ಏನೂ ಬೆಳೆಯದ ಬರಡು ನೆಲ ಎಂಬ ಅರ್ಥ ಬರಬಹುದು. ಇವರದು ಮಳೆ ನಂಬಿದ ಹೊಲ, ಆದ್ದರಿಂದ ‘ರೇನ್-ಫೆಡ್’. ಒಂದು ಎಕರೆಗೆ 40 ಗುಂಟೆ. ಎರಡು ಎಕರೆ ಹತ್ತು ಗುಂಟೆ ಎಂದರೆ ಎರಡೂಕಾಲು ಎಕರೆ. ‘ಗುಂಟಾ’ ಎಂದು ಬರೆದು ಅಡಿಟಿಪ್ಪಣಿ ಹಾಕುವ ಬದಲು ‘ಟೂ ಆ್ಯಂಡ್ ಎ ಕ್ವಾರ್ಟರ್ ಏಕರ್ಸ್’ ಎಂದುಬಿಡಿ.

‘ಲಾವಣಿ’ ಎಂದರೆ ಮೈಸೂರಿನ ಕಡೆಯವರಿಗೆ ಹಾಡು. ಉತ್ತರ ಕರ್ನಾಟಕದಲ್ಲಿ ಇನ್ನೊಬ್ಬರ ಹೊಲವನ್ನು ವರ್ಷಕ್ಕಿಷ್ಟು ಎಂದು ಹಣಕ್ಕೆ ಮಾಡುವುದಕ್ಕೂ ಲಾವಣಿ ಎನ್ನುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಬೇಕು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಆದರೂ ಬಾಯಿಮಾತಿನ ಮೇಲೆ ಇದು ನಡೆದೇ ಇದೆ. ಹಾಗಾಗಿ ‘ಲೀಸ್ ಅಗ್ರಿಮೆಂಟ್’ ಎಂಬ ಕಾನೂನಿನ ಪದ ಬಳಸಿದರೆ ಇಲ್ಲದ ಕಾಗದವೊಂದು ಇದೆ ಎಂದಂತಾಗುತ್ತದೆ. ‘ಹಿ ಆಲ್ಸೋ ಫಾರ್ಮ್ಸ್ ತ್ರೀ ರೆಂಟೆಡ್ ಏಕರ್ಸ್’ ಎಂದು ಸರಳವಾಗಿ ಹೇಳಿ. ಪತ್ರದಲ್ಲಿ ಹೊಲದ ಮಾಲೀಕರ ಹೆಸರೋ ಸರ್ವೆ ನಂಬರೋ ಇದ್ದರೆ ತೆಗೆಯೋಣವೇ ಎಂದು ಹುಡುಗಿಯನ್ನು ಕೇಳಿ.

ಹಂತ 4: ಹಣದ ಲೆಕ್ಕ

‘ಮೂರರ ಬಡ್ಡಿ’ ಎಂಬುದನ್ನು ‘ತ್ರೀ ಪರ್ಸೆಂಟ್ ಇಂಟರೆಸ್ಟ್’ ಎಂದು ಬರೆದರೆ ಅಕ್ಷರಶಃ ಸರಿ, ಅರ್ಥದಲ್ಲಿ ಪೂರ್ತಿ ತಪ್ಪು. ಬ್ಯಾಂಕಿನಲ್ಲಿ ಬಡ್ಡಿ ಹೇಳುವುದು ವರ್ಷಕ್ಕೆ, ಊರ ಸಾಲದಲ್ಲಿ ತಿಂಗಳಿಗೆ. ನೂರಕ್ಕೆ ತಿಂಗಳಿಗೆ ಮೂರು ಎಂದರೆ 40,000 ರೂಪಾಯಿಗೆ ತಿಂಗಳಿಗೆ 1,200, ವರ್ಷಕ್ಕೆ 14,400. ಅಂದರೆ ವರ್ಷಕ್ಕೆ ಶೇ 36. ಅಮೆರಿಕದ ಓದುಗರು ಮೂರು ಪರ್ಸೆಂಟ್ ಎಂದು ಓದಿದರೆ, ಇಷ್ಟು ಅಗ್ಗದ ಸಾಲ ಸಿಗುವವರಿಗೆ ನನ್ನ ಹಣವೇಕೆ ಎಂದುಕೊಂಡಾರು. ‘ತ್ರೀ ಪರ್ಸೆಂಟ್ ಎ ಮಂತ್’ ಎಂದು ಎರಡು ಪದ ಸೇರಿಸಿದರೆ ಸಾಕು. ಇದು ಹೊಸ ಸಂಗತಿಯ ಸೇರ್ಪಡೆಯಲ್ಲ, ಕನ್ನಡದಲ್ಲಿ ಅಡಗಿದ್ದ ‘ತಿಂಗಳಿಗೆ’ ಎಂಬುದನ್ನು ಹೊರಗೆ ತಂದದ್ದು. ಲಕ್ಷದ ಮೊತ್ತ ಬಂದರೆ ಅದನ್ನೂ ಬಿಡಿಸಿ ಬರೆಯಿರಿ: ಒಂದು ಲಕ್ಷ ಎಂದರೆ ‘ಒನ್ ಹಂಡ್ರೆಡ್ ಥೌಸಂಡ್’.

‘ಸರ್ಕಾರದ ವಿದ್ಯಾನಿಧಿ’ ಎಂಬುದು ರೈತರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2021ರಲ್ಲಿ ಆರಂಭಿಸಿದ ರೈತ ವಿದ್ಯಾನಿಧಿ ಯೋಜನೆಯ ಹಣ. ಅದನ್ನೂ ದಾನಿಯ ನೆರವನ್ನೂ ‘ಸ್ಕಾಲರ್‌ಶಿಪ್’ ಎಂದೇ ಕರೆದರೆ ಯಾವುದು ಯಾವುದಕ್ಕೆ ಖರ್ಚಾಯಿತು ಎಂದು ತಿಳಿಯುವುದಿಲ್ಲ. ದಾನಿಯದು ‘ಯುವರ್ ಸ್ಕಾಲರ್‌ಶಿಪ್’ ಆಗಿರಲಿ, ಸರ್ಕಾರದ್ದು ‘ಎ ಸ್ಟೇಟ್ ಗ್ರ್ಯಾಂಟ್ ಫಾರ್ ಫಾರ್ಮರ್ಸ್ ಚಿಲ್ಡ್ರನ್’. ಎರಡು ಕಡೆಯಿಂದ ಹಣ ಬಂದಿದೆ ಎಂದು ಗೊತ್ತಾದರೆ ದಾನಿ ಏನೆಂದುಕೊಳ್ಳುತ್ತಾರೋ ಎಂದು ಅನುವಾದಕರು ಆ ಸಾಲನ್ನು ನುಂಗುವುದುಂಟು. ಅದನ್ನು ಬರೆದವಳು ಅವಳು. ಬಿಡುವ ಹಕ್ಕು ನಿಮ್ಮದಲ್ಲ.

ಹಂತ 5: ವ್ಯಾಕರಣ ಒಡ್ಡುವ ಮೂರು ಪ್ರಶ್ನೆಗಳು

ಒಂದು, ‘ನಮ್ಮ ಅಪ್ಪ’. ಇದನ್ನು ‘ಅವರ್ ಫಾದರ್’ ಎಂದರೆ ಇಂಗ್ಲಿಷ್ ಕಿವಿಗೆ ಕ್ರೈಸ್ತರ ಪ್ರಾರ್ಥನೆಯ ಮೊದಲ ಪದಗಳು ಕೇಳಿಸುತ್ತವೆ. ಕನ್ನಡದಲ್ಲಿ ಮನೆಮಂದಿಯ ಬಗ್ಗೆ ಹೇಳುವಾಗ ‘ನಮ್ಮ’ ಎನ್ನುವುದು ರೂಢಿ. ಇಂಗ್ಲಿಷಿನಲ್ಲಿ ‘ಮೈ ಫಾದರ್’. ‘ಅವ್ವ ಹಚ್ಚಿದರು’ ಎಂಬ ಗೌರವದ ಬಹುವಚನವೂ ‘ಶಿ’ ಆಗಬೇಕು, ‘ದೇ’ ಅಲ್ಲ. ಆತುರದಲ್ಲಿ ಈ ತಪ್ಪು ಆಗುತ್ತದೆ, ವಿಶೇಷವಾಗಿ ಮುಂದಿನ ವಾಕ್ಯದಲ್ಲಿ ಕರ್ತೃ ಕಾಣದಿದ್ದಾಗ.

ಎರಡು, ‘ಓದುತ್ತೇನೆ’. ಇದು ಈಗಿನ ಮಾತೂ ಹೌದು, ಮುಂದಿನ ಮಾತೂ ಹೌದು. ‘ಐ ಸ್ಟಡಿ ವೆಲ್’ ಎಂದರೆ ತನ್ನನ್ನೇ ಹೊಗಳಿಕೊಂಡ ಹಾಗೆ. ‘ಐ ವಿಲ್ ಸ್ಟಡಿ ಹಾರ್ಡ್’ ಎಂದರೆ ಮಾತು ಕೊಟ್ಟ ಹಾಗೆ. ‘ಎರಡನೇ ವರ್ಷ’ ಎಂದು ಇರುವುದರಿಂದ ಇಲ್ಲಿ ಅದು ಮಾತು ಕೊಟ್ಟದ್ದೇ. ‘ಚೆನ್ನಾಗಿ’ಯನ್ನು ‘ಹಾರ್ಡ್’ ಎಂದದ್ದೂ ಅದಕ್ಕಾಗಿಯೇ. ಅವಳ ಕೈಯಲ್ಲಿರುವುದು ಶ್ರಮ, ಅಂಕವಲ್ಲ.

ಮೂರು, ‘ಎಮ್ಮೆ’. ಒಂದೋ ನಾಲ್ಕೋ? ಕನ್ನಡಕ್ಕೆ ಅದನ್ನು ಹೇಳಲೇಬೇಕೆಂಬ ಒತ್ತಾಯವಿಲ್ಲ, ಇಂಗ್ಲಿಷಿಗೆ ಇದೆ. ಫೋನಿನಲ್ಲಿ ಕೇಳಿದೆ. ಪಿಯುಸಿ ಓದುವಾಗ ಫೀಸಿಗೆಂದು ಒಂದು ಎಮ್ಮೆ ಮಾರಿದ್ದರಂತೆ. ಈಗ ಉಳಿದಿರುವುದು ಒಂದೇ, ಹಾಲು ಕೊಡುವುದು. ಈ ಸಲ ಅದನ್ನೂ ಸಂತೆಗೆ ಹೊಡೆಯಬೇಕು ಎಂದು ಮಾತಾಗಿತ್ತು. ದಾನಿಯ ಹಣ ಬಂದದ್ದರಿಂದ ಉಳಿಯಿತು. ಅಂದರೆ ಇಡೀ ಪತ್ರದ ಕೃತಜ್ಞತೆ ಇದ್ದದ್ದು ಋಣದ ಸಾಲಿನಲ್ಲಿ ಅಲ್ಲ, ಈ ಮೂರ್ನಾಲ್ಕು ಪದಗಳಲ್ಲಿ.

‘ವಿ ಡಿಡ್ ನಾಟ್ ಸೆಲ್ ಬಫಲೋ’ ಎಂದು ಬರೆದರೆ ಓದುವವರು ‘ಸರಿ, ಅದಕ್ಕೇನು?’ ಎನ್ನುತ್ತಾರೆ. ಹುಡುಗಿಗೆ ಹೇಳಿದೆ, ಈ ಸಾಲನ್ನು ಇನ್ನೊಂದಿಷ್ಟು ಬಿಡಿಸಿ ಬರೆಯುತ್ತೀಯಾ ಎಂದು. ಅವಳು ಬರೆದದ್ದು: “ತಮ್ಮಿಂದಾಗಿ ಈ ವರ್ಷ ಹಾಲು ಕೊಡುವ ಇದ್ದೊಂದು ಎಮ್ಮೆ ಮಾರುವುದು ತಪ್ಪಿತು.” ಅದು ಇಂಗ್ಲಿಷಿನಲ್ಲಿ ‘ಬಿಕಾಸ್ ಆಫ್ ಯು, ವಿ ಡಿಡ್ ನಾಟ್ ಹ್ಯಾವ್ ಟು ಸೆಲ್ ಅವರ್ ಓನ್ಲಿ ಮಿಲ್ಕ್ ಬಫಲೋ ದಿಸ್ ಇಯರ್’ ಆಯಿತು. ‘ಹ್ಯಾವ್ ಟು’ ಎಂಬ ಎರಡು ಪದಗಳಲ್ಲಿ ‘ತಪ್ಪಿತು’ ಇದೆ. ‘ಮಿಲ್ಕ್’ ಬಿಡದಿದ್ದಕ್ಕೂ ಕಾರಣವಿದೆ: ಅಮೆರಿಕದಲ್ಲಿ ‘ಬಫಲೋ’ ಎಂದರೆ ಮೊದಲು ನೆನಪಾಗುವುದು ಬಯಲಿನ ಕಾಡುಪ್ರಾಣಿ ಬೈಸನ್.

ಹಂತ 6: ನುಡಿಗಟ್ಟು – ಯಾವುದು ಬಿಡಬೇಕು, ಯಾವುದು ಇಡಬೇಕು

‘ಮಳೆ ಕೈಕೊಟ್ಟಿತು’ ಮತ್ತು ‘ಕೈಹಿಡಿದಿರಿ’ ಎರಡರಲ್ಲೂ ಕೈ ಇದೆ, ಅರ್ಥ ಮಾತ್ರ ಎದುರುಬದುರು. ಇವು ಸವೆದ ನುಡಿಗಟ್ಟುಗಳಾದ್ದರಿಂದ ಕೈಯನ್ನು ಬಿಟ್ಟು ಅರ್ಥ ಹಿಡಿಯಿರಿ: ‘ದ ರೇನ್ಸ್ ಫೇಲ್ಡ್’, ‘ಯು ಸ್ಟುಡ್ ಬೈ ಮಿ’.

‘ತಮ್ಮ ಋಣ ತೀರಿಸಲಾರೆ’ ಎಂಬಲ್ಲಿ ಅಪಾಯವಿದೆ. ‘ಐ ಕೆನಾಟ್ ರಿಪೇ ಯುವರ್ ಡೆಟ್’ ಎಂದರೆ ‘ನಿಮ್ಮ ಸಾಲ ನನ್ನಿಂದ ತೀರಿಸಲಾಗದು’ ಎಂಬ ಅರ್ಥ, ದಾನಿಯೇ ಸಾಲಗಾರರಾಗಿಬಿಡುತ್ತಾರೆ. ಅಲ್ಲದೆ, ತಾನು ಕೊಟ್ಟ ಹಣವನ್ನು ಹುಡುಗಿ ಸಾಲವೆಂದು ತಿಳಿದಿದ್ದಾಳೆಯೇ ಎಂಬ ಅನುಮಾನವೂ ಬರಬಹುದು. ಋಣ ಮನುಷ್ಯರ ನಡುವಿನ ನಂಟು, ಸಾಲ ಲೆಕ್ಕದ ಪುಸ್ತಕದ್ದು. ‘ವಾಟ್ ಯು ಹ್ಯಾವ್ ಡನ್ ಫಾರ್ ಮಿ ಇಸ್ ಮೋರ್ ದ್ಯಾನ್ ಐ ಕ್ಯಾನ್ ರಿಟರ್ನ್ ಇನ್ ಒನ್ ಲೈಫ್‌ಟೈಮ್’ ಎಂದರೆ ‘ಈ ಜನ್ಮ’ವೂ ಉಳಿಯುತ್ತದೆ, ‘ಡೆಟ್’ ಪದವೂ ತಪ್ಪುತ್ತದೆ.

‘ಓದು ನನ್ನ ತಾಯಿ’ ಎಂಬುದು ಇದಕ್ಕೆ ವಿರುದ್ಧ. ಇದನ್ನು ಬಿಡಬಾರದು. ಅಪ್ಪ ಮಗಳನ್ನು ತಾಯಿ ಎಂದು ಕರೆಯುವುದು ನಮಗೆ ಹೊಸದಲ್ಲ, ಇಂಗ್ಲಿಷಿಗೆ ಹೊಸದು. ‘ಸ್ಟಡಿ, ಮೈ ಡಿಯರ್’ ಎಂದು ಸಪಾಟು ಮಾಡಿದರೆ ಮಾತಾಡದ ಅಪ್ಪನ ಒಂದೇ ಮಾತು ಕಳೆದುಹೋಗುತ್ತದೆ. ‘ಸ್ಟಡಿ, ಮೈ ಮದರ್’ ಎಂದು ಬರಿದೇ ಬಿಟ್ಟರೆ ಗೊಂದಲ. ನಾನು ಪದವನ್ನು ಹಾಗೇ ಇಟ್ಟು, ಕೆಳಗೆ ಅನುವಾದಕರ ಟಿಪ್ಪಣಿ ಎಂದು ಒಂದು ಸಾಲು ಹಾಕಿದೆ: ನಮ್ಮ ಕಡೆ ತಂದೆ ಮಗಳನ್ನು ಮಮತೆಯಿಂದ ತಾಯಿ ಎಂದು ಕರೆಯುತ್ತಾನೆ. ಒಂದು ಪತ್ರಕ್ಕೆ ಇಂಥ ಟಿಪ್ಪಣಿ ಒಂದೇ ಇರಲಿ. ‘ಅವ್ವ’ ಎಂಬುದನ್ನೂ ಹಾಗೇ ಇಟ್ಟೆ, ಈ ದಾನಿಗೆ ಕೇಳಿದರೆ ತಿಳಿಯುವ ಕನ್ನಡ ಇರುವುದರಿಂದ. ಬೇರೆ ದಾನಿಯಾಗಿದ್ದರೆ ‘ಮೈ ಮದರ್’ ಎಂದೇ ಬರೆಯುತ್ತಿದ್ದೆ.

ಹಂತ 7: ತಿರುಗಿ ಕನ್ನಡದಲ್ಲಿ ಓದಿ ಹೇಳಿ

ಅನುವಾದ ಮುಗಿದ ಮೇಲೆ ಕನ್ನಡ ಪತ್ರವನ್ನು ಪಕ್ಕಕ್ಕಿಡಿ. ಬರೀ ಇಂಗ್ಲಿಷನ್ನು ನೋಡಿಕೊಂಡು ಹುಡುಗಿಗೆ ಕನ್ನಡದಲ್ಲಿ ಹೇಳುತ್ತಾ ಹೋಗಿ. ಅವಳು ‘ನಾನು ಹಾಗೆ ಬರೆದಿಲ್ಲವಲ್ಲ’ ಎಂದ ಕಡೆ ನಿಮ್ಮ ಕೈವಾಡ ಇದೆ ಎಂದರ್ಥ. ಸಾಧ್ಯವಾದರೆ ಮನೆಯವರೂ ಕೇಳಲಿ. ಪತ್ರದಲ್ಲಿ ಇರುವುದು ಅವರ ಬದುಕೂ ಹೌದು.

ಈ ಪತ್ರ ಓದಿ ಹೇಳುವಾಗ ಅಪ್ಪ ಫೋನಿನ ಆ ಕಡೆಯಿಂದ ಒಂದು ಮಾತು ಹೇಳಿದರು: “ಬಡ್ಡಿ ಮಾತು ಬ್ಯಾಡ್ರಿ. ಮತ್ತ ರೊಕ್ಕ ಕೇಳಿದಂಗ ಆಗತೈತಿ.” ನನಗೆ ಹೊಳೆಯದ ಸಂಗತಿ ಅದು. ಸಾಲದ ಮೊತ್ತ, ಬಡ್ಡಿಯ ದರ ಸಮೇತ ಬರೆದ ಕೃತಜ್ಞತಾ ಪತ್ರವನ್ನು ದಾನಿ ಇನ್ನೊಂದು ಅರ್ಜಿಯೆಂದು ಓದಬಹುದು. ಹುಡುಗಿ ಯೋಚಿಸಿ ಆ ವಾಕ್ಯವನ್ನು ಕನ್ನಡದಲ್ಲಿ ತಾನೇ ತೆಗೆದಳು, ನಾನು ಇಂಗ್ಲಿಷಿನಲ್ಲಿ ತೆಗೆದೆ. ನಾನು ಅಷ್ಟು ಲೆಕ್ಕ ಹಾಕಿ ಸರಿಪಡಿಸಿದ್ದ ‘ತ್ರೀ ಪರ್ಸೆಂಟ್ ಎ ಮಂತ್’ ಹೀಗೆ ಹೋಯಿತು. ಹೋಗಲಿ, ಪತ್ರ ಅವರದು.

ಹಂತ 8: ಕಳುಹಿಸುವ ಮುನ್ನ

ಹೆಸರಿನ ಇಂಗ್ಲಿಷ್ ಕಾಗುಣಿತ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ. ಟ್ರಸ್ಟಿನ ಕಡತ, ಕಾಲೇಜಿನ ದಾಖಲೆ ಎರಡೂ ಅದನ್ನೇ ಅನುಸರಿಸುತ್ತವೆ. ತಾರೀಖಿನಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. ನಾವು 5-8 ಎಂದರೆ ಆಗಸ್ಟ್ ಐದು, ಅಮೆರಿಕದಲ್ಲಿ ಅದು ಮೇ ಎಂಟು. ಹುಡುಗಿಯ ಫೋನ್ ನಂಬರು, ಬ್ಯಾಂಕ್ ಖಾತೆ, ಮನೆ ವಿಳಾಸ ಪತ್ರದಲ್ಲಿ ಇದ್ದರೆ ಟ್ರಸ್ಟಿನ ವಿಳಾಸ ಸಾಕಲ್ಲವೇ ಎಂದು ಕೇಳಿ ತೆಗೆಸಿ. ಕೆಳಗೆ ‘ಟ್ರಾನ್ಸ್‌ಲೇಟೆಡ್ ಫ್ರಮ್ ಕನ್ನಡ’ ಎಂದು ಒಂದು ಸಾಲು ಇರಲಿ. ಅದಿಲ್ಲದಿದ್ದರೆ ದಾನಿ ಮುಂದೆಂದಾದರೂ ಅವಳೊಡನೆ ಇಂಗ್ಲಿಷಿನಲ್ಲಿ ಮಾತಿಗಿಳಿದಾಗ ಅವಳು ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾಳೆ.

ಕೈಬರಹದ ಕನ್ನಡ ಪತ್ರವನ್ನು ಮೇಲಿಟ್ಟು, ಅನುವಾದವನ್ನು ಕೆಳಗಿಡಿ. ದಾನಿಗೆ ಕೇಳಿದರೆ ಕನ್ನಡ ತಿಳಿಯುತ್ತದೆ ಎಂದಿದ್ದರೆ, ಹುಡುಗಿಯೇ ಪತ್ರ ಓದಿದ ಧ್ವನಿಮುದ್ರಣವನ್ನೂ ಕಳುಹಿಸಬಹುದು. ನಾವು ಹಾಗೆಯೇ ಮಾಡಿದೆವು.

ಕೊನೆಯದಾಗಿ, ಒಂದು ಹಾಳೆಯಲ್ಲಿ ಈ ಹುಡುಗಿಗೆ ಬಳಸಿದ ಪದಗಳನ್ನು ಬರೆದಿಡಿ: ಗೋವಿನಜೋಳ ‘ಕಾರ್ನ್’, ಲಾವಣಿ ‘ರೆಂಟೆಡ್’, ಅವ್ವ ‘ಅವ್ವ’, ಎಮ್ಮೆ ‘ಅವರ್ ಓನ್ಲಿ ಮಿಲ್ಕ್ ಬಫಲೋ’. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಕೋರ್ಸು, ಇನ್ನೂ ಮೂರು ಪತ್ರ ಬರಲಿವೆ, ಅನುವಾದ ಮಾಡುವವರು ಬೇರೆಯವರಾಗಬಹುದು. ಮುಂದಿನ ವರ್ಷದ ಪತ್ರದಲ್ಲಿ ಎಮ್ಮೆ ಈದ ಸುದ್ದಿ ಬಂದರೆ, ಅದು ಯಾವ ಎಮ್ಮೆ ಎಂದು ದಾನಿ ಕೇಳುವಂತಾಗಬಾರದು.